ಪದಚರ್ಚೆ: ಎಲೆ ಹೊಲಿಗೆಯಲ್ಲಿ ‘ಓರೆ’, ‘ತುಂಬು’ ಅಂದರೆ ಏನೇನು?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ ನಮ್ಮ ಮನೆ ಜಗುಲಿಯಲ್ಲಿ ಎಂಟು ಜನ ಹೆಂಗಸರು ಕೂತು ಉಣ್ಣೆ ದಾರದ ಕಸೂತಿ ಕಲಿಯುತ್ತಿದ್ದೇವೆ. ಕ್ರೂಯೆಲ್ ಅಂತ ಕರೆಯುವ ಸಣ್ಣ ಎರಡೆಳೆ ಉಣ್ಣೆಯ ಕೆಲಸ. ಈಗ ಎಲೆ ಹೊಲಿಯುತ್ತಿದ್ದೇವೆ, ಫಿಶ್‌ಬೋನ್ ಹೊಲಿಗೆಯಲ್ಲಿ. ಅವರಿಗೆಂದು ಎರಡು ಪುಟ ಸೂಚನೆ ಕನ್ನಡದಲ್ಲಿ ಬರೆದೆ. ಅದರಲ್ಲಿ ಒಂದು ಸಾಲು ಹೀಗಿತ್ತು: “ಹೊಲಿಗೆ ಓರೆಯಾಗಿರಲಿ, ಎಲೆ ಚೆನ್ನಾಗಿ ತುಂಬಿರಲಿ.” ಈ ಸಾಲಿನಿಂದಲೇ ಒಬ್ಬರ ಎಲೆ ಕೆಟ್ಟಿತು. ತಪ್ಪು ಅವರದ್ದಲ್ಲ, ನನ್ನ ಮಾತಿನದ್ದು ಅಂತ ನನಗೆ ಅನ್ನಿಸುತ್ತಿದೆ.

ಏನಾಯಿತು ಅಂತ ಹೇಳುತ್ತೇನೆ. ಎಲೆ 4 ಸೆಂ.ಮೀ. ಉದ್ದ, ಅಗಲವಾದ ಕಡೆ 2 ಸೆಂ.ಮೀ. ನಡುವೆ ತುದಿಯಿಂದ ತೊಟ್ಟಿನವರೆಗೆ ಒಂದು ಗೆರೆ. ಮೊದಲ ಹೊಲಿಗೆ ತುದಿಯಿಂದ ಆ ಗೆರೆಯ ಮೇಲೇ ನೇರ ಕೆಳಕ್ಕೆ, 1 ಸೆಂ.ಮೀ. ಆಮೇಲೆ ಸೂಜಿ ತುದಿಯ ಪಕ್ಕ ಎಡ ಅಂಚಿನಲ್ಲಿ ಮೇಲೆ ಬಂದು, ಮೊದಲ ಹೊಲಿಗೆಯ ಬುಡದ ಹತ್ತಿರ ನಡುಗೆರೆಯನ್ನು ಚೂರೇ ಚೂರು ದಾಟಿ ಕೆಳಗೆ ಹೋಗುತ್ತದೆ. ಮುಂದಿನದು ಬಲ ಅಂಚಿನಿಂದ, ಹಾಗೇ. ಎಡ, ಬಲ, ಎಡ, ಬಲ. ಶುರುವಿನಲ್ಲಿ ಅಂಚಿನ ತೂತಿಗಿಂತ ನಡುವಿನ ತೂತು 1 ಸೆಂ.ಮೀ. ಕೆಳಗಿರುತ್ತದೆ. ಆ ವ್ಯತ್ಯಾಸವೇ ಓರೆಯನ್ನು ಹಿಡಿದಿಡುವುದು.

ಆ ಅಕ್ಕ ‘ತುಂಬಿರಲಿ’ ಅನ್ನುವುದನ್ನು ನಡುವೆ ಒತ್ತೊತ್ತಾಗಿ ಹಾಕಬೇಕು ಅಂತ ತಿಳಿದುಕೊಂಡರು. ಅಂಚಿನಲ್ಲಿ ಮಾಮೂಲಿ ಅಂತರ, ನಡುಗೆರೆಯಲ್ಲಿ ಮಾತ್ರ ಒಂದರ ಮೇಲೊಂದು. ನಡುವಿನ ತೂತು ನಿಂತಲ್ಲೇ ನಿಂತಿತು, ಅಂಚು ಇಳಿಯುತ್ತಾ ಬಂತು. ಎಲೆಯ ಅರ್ಧಕ್ಕೆ ಬರುವಷ್ಟರಲ್ಲಿ ಆ 1 ಸೆಂ.ಮೀ. ವ್ಯತ್ಯಾಸ 3 ಮಿ.ಮೀ.ಗೆ ಇಳಿದಿತ್ತು. ನಾನೇ ಸ್ಕೇಲ್ ಇಟ್ಟು ನೋಡಿದೆ. ಕೆಳಗಿನ ಹೊಲಿಗೆಗಳು ಬಾಚಣಿಗೆ ಹಲ್ಲಿನ ಹಾಗೆ ಅಡ್ಡ ಮಲಗಿದ್ದವು, ನಡುವೆ ಬಟ್ಟೆ ಸುಕ್ಕುಗಟ್ಟಿತ್ತು.

ಹಾಗಾಗಿ ಕೇಳುತ್ತಿದ್ದೇನೆ. ‘ತುಂಬು’ ಅನ್ನುವ ಬದಲು ಏನು ಬರೆಯಲಿ? ‘ಓರೆ’ ಸರಿಯಾ, ಅಥವಾ ಬೇರೆ ಮಾತು ಇದೆಯಾ? ಹೊಲಿಗೆಯ ಹೆಸರನ್ನೂ ಕನ್ನಡದಲ್ಲಿ ಹೇಳಬಹುದಾ? ‘ಮೀನಿನ ಮೂಳೆ’ ಅಂತ ಬರೆದರೆ ಕಿವಿಗೆ ಹಿತವಾಗಿಲ್ಲ.

ಭದ್ರಾವತಿಯಿಂದ:

ಮೇಡಂ, ನಾನು ಟೈಲರ್. ಓರೆಗೆ ನಾವು ‘ಕ್ರಾಸ್’ ಅಂತಲೇ ಹೇಳೋದು. ಬ್ಲೌಸ್ ತೋಳಿಗೆ ಕ್ರಾಸ್ ಪಟ್ಟಿ ಅಂದರೆ ಎಲ್ಲರಿಗೂ ಗೊತ್ತು. ಹೊಸ ಮಾತು ಯಾಕೆ ಬೇಕು? ‘ಕ್ರಾಸ್ ಹಾಕಿ’ ಅಂತ ಬರೆಯಿರಿ, ಮುಗೀತು.

ಕೊಪ್ಪದಿಂದ:

ಕ್ರೂಯೆಲ್ ಅಂದರೆ ಕಾಶ್ಮೀರದ ಕೆಲಸ ಅಲ್ವಾ? ನಮ್ಮಲ್ಲಿ ಒಂದು ಪರದೆ ಇದೆ. ಅದು ಸೂಜಿಯಲ್ಲಿ ಮಾಡಿದ್ದಲ್ಲ, ಕೊಕ್ಕೆಯಲ್ಲಿ ಮಾಡಿದ್ದು. ಪೂರ್ತಿ ಸರಪಳಿ ಹೊಲಿಗೆ. ಅದರಲ್ಲಿ ಎಲೆ ತುಂಬಬೇಕಾದರೆ ಸರಪಳಿಯನ್ನು ಅಂಚಿನಿಂದ ಸುತ್ತಿ ಸುತ್ತಿ ಒಳಗೆ ತರುತ್ತಾರೆ. ನೀವೂ ಹಾಗೇ ಮಾಡಿದರೆ ಓರೆಯ ಪ್ರಶ್ನೆಯೇ ಬರುವುದಿಲ್ಲ.

ತೀರ್ಥಹಳ್ಳಿಯಿಂದ:

ಕೊಪ್ಪದವರು ಹೇಳಿದ ಪರದೆ ನಿಜ. ಅದು ಆರಿ ಕೊಕ್ಕೆಯ ಕೆಲಸ. ಆದರೆ ಕ್ರೂಯೆಲ್ ಅನ್ನುವುದು ಮೂಲದಲ್ಲಿ ದಾರದ ಹೆಸರು. ಅದೇ ಉಣ್ಣೆಯನ್ನು ಸೂಜಿಯಲ್ಲಿ ಹಾಕಿ ಇಂಗ್ಲೆಂಡಿನ ಕಡೆ ಹತ್ತಾರು ಬಗೆಯ ಹೊಲಿಗೆ ಹಾಕುತ್ತಾರೆ, ಎಲೆಗೆ ಫಿಶ್‌ಬೋನ್ ಅದರಲ್ಲಿ ಒಂದು. ಅಂಚಿನಿಂದ ನಡುವಿಗೆ ಎಡ ಬಲ ದಾಟುವ ಈ ಹೊಲಿಗೆ ಕೊಕ್ಕೆಗೆ ಒಗ್ಗುವುದಿಲ್ಲ.

ಈಗ ನಿಮ್ಮ ಮಾತಿಗೆ ಬರುತ್ತೇನೆ, ಶಿವಮೊಗ್ಗದ ಅಕ್ಕ. ನೀವು ‘ತುಂಬು’ ಅಂತ ಬರೆದ ಜಾಗದಲ್ಲಿ ಎರಡು ಬೇರೆ ವಿಷಯ ಅಡಗಿವೆ. ಒಂದು, ಕೆಳಗಿನ ಬಟ್ಟೆ ಕಾಣಬಾರದು. ಇನ್ನೊಂದು, ಎಲೆಯ ನಡು ಸ್ವಲ್ಪ ಎದ್ದು ನಿಲ್ಲಬೇಕು. ಮೊದಲನೆಯದಕ್ಕೆ ‘ಮುಚ್ಚು’, ಎರಡನೆಯದಕ್ಕೆ ‘ಉಬ್ಬು’ ಅಂತ ಬರೆಯಿರಿ. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿದ್ದಕ್ಕೇ ಅವರ ಕೈ ತಪ್ಪು ಕಡೆ ಹೋಯಿತು.

ಯಾಕೆಂದರೆ ಇವೆರಡನ್ನೂ ಹಿಡಿತಕ್ಕೆ ತರುವ ಜಾಗ ಬೇರೆ ಬೇರೆ. ಮುಚ್ಚುವುದು ಅಂಚಿನ ಕೆಲಸ. ಅಂಚಿನಲ್ಲಿ ಒಂದು ದಾರದ ದಪ್ಪಕ್ಕಿಂತ ಜಾಸ್ತಿ ಜಾಗ ಬಿಟ್ಟರೆ ಬಟ್ಟೆ ಇಣುಕುತ್ತದೆ. ಜೊತೆಗೆ ದಾರವನ್ನು ಎಳೆಯಬಾರದು. ಉಣ್ಣೆಯನ್ನು ಬಿಗಿಯಾಗಿ ಎಳೆದರೆ ಅದು ಸಣ್ಣಗಾಗಿ ಸಂದು ಬೀಳುತ್ತದೆ. ಬಟ್ಟೆಯ ಮೇಲೆ ಸುಮ್ನೆ ಮಲಗುವಷ್ಟು ಬಿಟ್ಟರೆ ಅದು ಅರಳಿ ತಾನೇ ಮುಚ್ಚುತ್ತದೆ. ಉಬ್ಬು ನಡುಗೆರೆಯ ಕೆಲಸ. ಗೆರೆಯನ್ನು 1 ಮಿ.ಮೀ. ದಾಟಿದರೆ ಎಲೆ ಚಪ್ಪಟೆ, ನಡುನರ ಸಣ್ಣಗೆ ಕಾಣುತ್ತದೆ. 3 ಮಿ.ಮೀ. ದಾಟಿದರೆ ಎಡದ ದಾರ ಬಲದ್ದರ ಮೇಲೆ ಏರಿ ಜಡೆ ಹೆಣೆದ ಹಾಗೆ ಏಣು ಬರುತ್ತದೆ. ನಡುಗೆರೆಯ ಎರಡೂ ಪಕ್ಕ ಸಣ್ಣ ಗೆರೆ ಎಳೆದುಕೊಂಡರೆ ಎಲ್ಲಿಯವರೆಗೆ ದಾಟಬೇಕು ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ.

ಇಲ್ಲೇ ಒಂದು ಗಂಟು ಇದೆ. ಜಾಸ್ತಿ ದಾಟಿದಷ್ಟೂ ಓರೆ ಕಡಿಮೆಯಾಗುತ್ತದೆ. ಅದೇ ಎತ್ತರದಲ್ಲಿ ಇನ್ನೂ 2 ಮಿ.ಮೀ. ಆಚೆ ಹೋದರೆ ಹೊಲಿಗೆ ಅಡ್ಡಕ್ಕೆ ಉದ್ದವಾಗುತ್ತದೆ, ಕೆಳಕ್ಕಲ್ಲ. ಆದ್ದರಿಂದ ಉಬ್ಬು ಬೇಕೆಂದರೆ ದಾಟುವ ತೂತನ್ನು ಸ್ವಲ್ಪ ಕೆಳಗೂ ಇಳಿಸಬೇಕು. ಇದನ್ನು ಸೂಚನೆಯಲ್ಲಿ ಬರೆಯದಿದ್ದರೆ ‘ಉಬ್ಬು’ ಅಂತ ಬರೆದರೂ ಓರೆ ಕೆಡುತ್ತದೆ.

ಇನ್ನು ‘ಕ್ರಾಸ್’. ಟೈಲರ್ ಅಣ್ಣ ಹೇಳಿದ್ದು ಬಟ್ಟೆ ಕತ್ತರಿಸುವಾಗ ಸರಿ. ಇಲ್ಲಿ ದಾರಗಳು ನಡುವೆ ಒಂದನ್ನೊಂದು ದಾಟುತ್ತವೆ, ಅದಕ್ಕೂ ಜನ ಕ್ರಾಸ್ ಅಂತಲೇ ಹೇಳುತ್ತಾರೆ. ‘ಕ್ರಾಸ್ ಜಾಸ್ತಿ ಮಾಡಿ’ ಅಂದರೆ ಓರೆ ಜಾಸ್ತಿಯಾ, ದಾಟುವುದು ಜಾಸ್ತಿಯಾ? ಈ ಹೊಲಿಗೆಯಲ್ಲಿ ಅವೆರಡೂ ಒಂದಕ್ಕೊಂದು ಎದುರು. ‘ಓರೆ’ಯನ್ನೇ ಉಳಿಸಿಕೊಳ್ಳಿ.

ಸಾಗರದಿಂದ:

ನಮ್ಮಮ್ಮ ಹೊಲಿಗೆಯ ಸಂದಿನಲ್ಲಿ ಬಟ್ಟೆ ಕಂಡರೆ ‘ಜೊಳ್ಳು’ ಅನ್ನುತ್ತಿದ್ದರು, ಬತ್ತದ ಜೊಳ್ಳಿನ ಹಾಗೆ. ‘ಜೊಳ್ಳು ಬಿಡಬೇಡ’ ಅಂದರೆ ಮಕ್ಕಳಿಗೂ ಅರ್ಥವಾಗುತ್ತಿತ್ತು. ‘ಮುಚ್ಚು’ಗಿಂತ ಅದೇ ಚೆನ್ನಾಗಿಲ್ವಾ?

ನನ್ನದೂ ಒಂದು ಕಥೆ ಇದೆ. ಸ್ವೆಟರ್ ಹೆಣೆದು ಉಳಿದ ದಾರದಲ್ಲಿ ಇದೇ ಎಲೆ ಹೊಲಿದೆ. ಎಲೆ ಚೆನ್ನಾಗೇ ಉಬ್ಬಿತು. ಆದರೆ ಚೌಕಟ್ಟಿನಿಂದ ಬಟ್ಟೆ ಬಿಚ್ಚಿದ ಕೂಡಲೇ ಎಲೆ ಮುದುಡಿಕೊಂಡಿತು. ಎಷ್ಟು ಇಸ್ತ್ರಿ ಹಾಕಿದರೂ ಸರಿಯಾಗಲಿಲ್ಲ. ಕಂಬಳಿ ನೂಲು ಆಗಬಹುದಾ? ಚಳ್ಳಕೆರೆ ಕಡೆ ನೆಂಟರಿದ್ದಾರೆ, ತರಿಸಬಹುದು.

ತೀರ್ಥಹಳ್ಳಿಯಿಂದ:

ಸ್ವೆಟರ್ ದಾರಕ್ಕೆ ಹಿಗ್ಗುವ ಗುಣ ಜಾಸ್ತಿ. ಹೊಲಿಯುವಾಗ ಹಿಗ್ಗಿರುತ್ತದೆ, ಚೌಕಟ್ಟು ಬಿಚ್ಚಿದಾಗ ಕುಗ್ಗುತ್ತದೆ, ಬಟ್ಟೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಕ್ರೂಯೆಲ್ ದಾರ ಉದ್ದ ಕೂದಲಿನ ಉಣ್ಣೆಯಿಂದ ಹುರಿ ಮಾಡಿದ್ದು, ಅಷ್ಟು ಹಿಗ್ಗುವುದಿಲ್ಲ. ಕಂಬಳಿ ನೂಲು ಒರಟು, ಒಂದೇ ಎಳೆ. ಪ್ರತಿ ಸಲ ಬಟ್ಟೆಯ ಒಳಗೆ ಹೋಗಿ ಬರುವಾಗ ಸವೆದು ಕಡಿಯುತ್ತದೆ. ಕ್ರೂಯೆಲ್ ಕೂಡ ಸವೆಯುತ್ತದೆ. ಅದಕ್ಕೇ ನಾನು ಮೊಳದಷ್ಟು ದಾರ ಮಾತ್ರ ತೆಗೆದುಕೊಳ್ಳುವುದು, ಸೂಜಿಯ ಕಣ್ಣೂ ದೊಡ್ಡದೇ ಇರಬೇಕು. ‘ಜೊಳ್ಳು’ ನನಗೂ ಇಷ್ಟವಾಯಿತು.

ಹೆಸರಿನ ಮಾತು ಉಳಿಯಿತು. ಕನ್ನಡದಲ್ಲಿ ಮೀನಿಗೆ ಇರುವುದು ಮುಳ್ಳು. ಊಟ ಮಾಡುವಾಗ ‘ಮುಳ್ಳು ನೋಡ್ಕೊಂಡು ತಿನ್ನು’ ಅಂತ ತಾನೇ ಹೇಳೋದು? ‘ಮೀನ್ಮುಳ್ಳು ಹೊಲಿಗೆ’ ಅನ್ನಿ.

ಭದ್ರಾವತಿಯಿಂದ:

ಅಲ್ಲೇ ತೊಡಕು ಇದೆ ಅಕ್ಕ. ಹೆರಿಂಗ್‌ಬೋನ್ ಹೊಲಿಗೆಗೂ ನಮ್ಮ ಹುಡುಗರು ಮೀನ್ಮುಳ್ಳು ಅಂತಲೇ ಹೇಳ್ತಾರೆ. ಹೆರಿಂಗ್ ಕೂಡ ಮೀನೇ ತಾನೆ? ಅದು ಎರಡು ಗೆರೆಗಳ ನಡುವೆ ಹಾದು ಹೋಗುವ ಹೊಲಿಗೆ, ಮಡಿಕೆ ಕೂರಿಸೋಕೆ ಹಾಕ್ತೀವಿ. ‘ಕ್ರಾಸ್’ ಬಗ್ಗೆ ನೀವು ಹೇಳಿದ್ದು ಒಪ್ಪಿದೆ.

ಶಿವಮೊಗ್ಗದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಲು ತಿದ್ದಿ ಬರೆದೆ. ಅದೇ ಅಕ್ಕನ ಹತ್ತಿರ ಅದೇ ಅಳತೆಯ ಎಲೆ ಮತ್ತೆ ಹೊಲಿಸಿದೆ. ಈ ಸಲ ಎಲೆಯೊಳಗೆ ಐದಾರು ಓರೆ ಗೆರೆ ಪೆನ್ಸಿಲ್‌ನಲ್ಲಿ ಮೊದಲೇ ಎಳೆದುಕೊಟ್ಟೆ. ಮೂರು ಹೊಲಿಗೆಗೊಮ್ಮೆ ಸೂಜಿಯನ್ನು ಕೊನೆಯ ದಾರದ ಪಕ್ಕ ಮಲಗಿಸಿ ನೋಡಿ ಅಂದೆ, ಗೆರೆಗೆ ಸಮ ಇದೆಯಾ ಅಂತ. ಅಗಲವಾದ ಕಡೆ ಬರುವಾಗ ಸೂಜಿ ಗೆರೆಗಿಂತ ಅಡ್ಡವಾಗಿ ಮಲಗಿತು. ಆಗ ಎರಡು ಸುತ್ತು ಅಂಚಿನಲ್ಲಿ ಹಿಂದಿನ ದಾರಕ್ಕೆ ತಾಗಿಸಿಕೊಂಡೇ ಮೇಲೆ ತಂದು, ನಡುವೆ ಮಾತ್ರ ಪೂರ್ತಿ ಹೆಜ್ಜೆ ಇಟ್ಟರು. ಓರೆ ವಾಪಸ್ ಬಂತು. ನಡುಗೆರೆ ಮೊದಲೇ ತೊಟ್ಟು ಮುಟ್ಟಿದ್ದರಿಂದ ಕೊನೆಯ ನಾಲ್ಕೈದು ಹೊಲಿಗೆ ತೊಟ್ಟಿನ ಹತ್ತಿರವೇ ಒತ್ತಿಕೊಂಡು ಕೂತವು. ಅದನ್ನು ಕಾಂಡದ ಹೊಲಿಗೆ ಮುಚ್ಚಿತು.

ಮೂರು ಮಾತು ಇಟ್ಟುಕೊಂಡೆ: ‘ಓರೆ’, ‘ಉಬ್ಬು’, ‘ಜೊಳ್ಳು ಬಿಡಬೇಡಿ’. ಒಂದಕ್ಕೆ ಮಾತ್ರ ಇನ್ನೂ ಹೆಸರಿಲ್ಲ. ಅಂಚಿನ ತೂತಿಗಿಂತ ನಡುವಿನ ತೂತು ಎಷ್ಟು ಕೆಳಗಿದೆ ಅನ್ನುವ ಆ 1 ಸೆಂ.ಮೀ. ವ್ಯತ್ಯಾಸಕ್ಕೆ ಏನನ್ನೋಣ? ಸದ್ಯಕ್ಕೆ ‘ಇಳಿತ’ ಅಂತ ಬರೆದಿದ್ದೇನೆ, ಮನೆ ಮಾಡಿನ ಇಳಿತದ ಹಾಗೆ.

ಸಾಗರದಿಂದ:

ಮಾಡಿನಲ್ಲಿ ಎತ್ತರ ಇರೋದು ನಡುವೆ, ನೀರು ಅಂಚಿಗೆ ಇಳಿಯುತ್ತದೆ. ನಿಮ್ಮ ಎಲೆಯಲ್ಲಿ ದಾರ ಅಂಚಿನಿಂದ ನಡುವಿಗೆ ಇಳಿಯುತ್ತದೆ. ನನಗೆ ಅದು ತಲೆಕೆಳಗಾಗಿ ಕಾಣಿಸುತ್ತಿದೆ. ನಮ್ಮ ಮನೆ ಹಿಂದೆ ಎರಡೂ ಕಡೆ ಗುಡ್ಡ, ನಡುವೆ ಹಳ್ಳ ಇದೆ. ನೀರು ಎರಡೂ ಕಡೆಯಿಂದ ಓರೆಯಾಗಿ ಬಂದು ಹಳ್ಳ ಸೇರುತ್ತದೆ. ಅದರಿಂದ ಒಂದು ಮಾತು ಸಿಗುತ್ತದಾ ನೋಡಿ.