ಪದಚರ್ಚೆ: “ಆದ್ಯತೆ ಹೆಚ್ಚಿದ್ದರೆ” ಅಂದಾಗ ಸಮ ಇರುವುದೂ ಸೇರುತ್ತದೆಯೇ?

ಎಲ್ಲರಿಗೂ ನಮಸ್ಕಾರ,

ಸಿ ಕಲಿಯುವವರಿಗೆ ಬರೆದ ಒಂದು ಕನ್ನಡ ಪಾಠವನ್ನು ತಿದ್ದುತ್ತಿದ್ದೇನೆ. ಇನ್‌ಫಿಕ್ಸ್ ಲೆಕ್ಕವನ್ನು ಷಂಟಿಂಗ್ ಯಾರ್ಡ್ ವಿಧಾನದಲ್ಲಿ ಪೋಸ್ಟ್‌ಫಿಕ್ಸ್ ಮಾಡಿ, ಆಮೇಲೆ ಸ್ಟ್ಯಾಕ್ ಇಟ್ಟುಕೊಂಡು ಉತ್ತರ ತೆಗೆಯುವ ಪಾಠ ಅದು. ಅದರ ಎರಡು ವಾಕ್ಯಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಒಂದು: “ಹೊಸ ಆಪರೇಟರ್ ಬಂದಾಗ, ಸ್ಟ್ಯಾಕ್‌ನ ಮೇಲಿರುವುದರ ಆದ್ಯತೆ ಹೆಚ್ಚಿದ್ದರೆ ಅದನ್ನು ತೆಗೆದು ಔಟ್‌ಪುಟ್‌ಗೆ ಹಾಕಿ.”

ಇನ್ನೊಂದು: “ಎರಡು ಸಂಖ್ಯೆ ಪಾಪ್ ಮಾಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ.”

ಮೊದಲ ವಾಕ್ಯದಲ್ಲಿ “ಹೆಚ್ಚಿದ್ದರೆ” ಅಂದರೆ ಸಮ ಇದ್ದಾಗಲೂ ತೆಗೆಯಬೇಕು ಅಂತಲೋ, ಬೇಡ ಅಂತಲೋ? ಎರಡನೆಯದರಲ್ಲಿ “ಮೊದಲನೆಯದು” ಯಾವುದು? ಓದುವವರಿಗೆ ಏನು ಅನ್ನಿಸುತ್ತದೆ, ಹೇಳಿ.

— ಸುಮನಾ

---

ಸುಮನಾ ಅವರೇ, “ಷಂಟಿಂಗ್ ಯಾರ್ಡ್”ಗೆ ಕನ್ನಡ ಪದ ಬೇಕು ಅಂತ ತಾನೇ ನಿಮ್ಮ ಪ್ರಶ್ನೆ? “ಬೋಗಿ ಜೋಡಿಸುವ ಅಂಗಳ” ಅನ್ನಬಹುದು. ಇನ್ನೂ ಚಿಕ್ಕದು ಬೇಕಿದ್ದರೆ “ಬೋಗಿಯಂಗಳ”. ಕೇಳೋಕೆ ಚೆನ್ನಾಗಿದೆ, ಅಲ್ವಾ?

— ಶ್ರೀಪತಿ

---

ಶ್ರೀಪತಿಯವರೇ, ಅವರು ಕೇಳಿದ್ದು ಅದಲ್ಲ ಅನ್ಸುತ್ತೆ. :-)

ಸುಮನಾ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. “ಹೆಚ್ಚಿದ್ದರೆ ಅಥವಾ ಸಮ ಇದ್ದರೆ” ಅಂತ ಬರೆದುಬಿಡಿ. ಕೋಡ್‌ನಲ್ಲಿ `>` ಬದಲು `>=`. ನಾನು ಯಾವಾಗಲೂ ಹಾಗೇ ಬರೆಯೋದು, ಎಲ್ಲದಕ್ಕೂ ಸರಿಹೋಗುತ್ತೆ.

— ಕಿರಣ್

---

ಕಿರಣ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಆದರೆ “ಎಲ್ಲದಕ್ಕೂ” ಅನ್ನುವ ಮಾತು ನಿಲ್ಲುವುದಿಲ್ಲ.

ಮೊದಲು ಸಮ ಬಿಟ್ಟರೆ ಏನಾಗುತ್ತದೆ ನೋಡೋಣ. `10 - 4 - 3` ತೆಗೆದುಕೊಳ್ಳಿ. 10 ಔಟ್‌ಪುಟ್‌ಗೆ ಹೋಯಿತು, ಮೊದಲ ಮೈನಸ್ ಸ್ಟ್ಯಾಕ್‌ಗೆ, 4 ಔಟ್‌ಪುಟ್‌ಗೆ. ಈಗ ಎರಡನೇ ಮೈನಸ್ ಬಂತು. ಮೇಲಿರುವುದೂ ಮೈನಸ್ಸೇ, ಎರಡರ ಆದ್ಯತೆಯೂ ಸಮ. “ಹೆಚ್ಚಿದ್ದರೆ” ಎಂಬುದನ್ನು ಅಕ್ಷರಶಃ ಹಿಡಿದರೆ ಹಳೆಯದು ಕೆಳಗೇ ಉಳಿಯುತ್ತದೆ, ಹೊಸದು ಅದರ ಮೇಲೆ ಕೂರುತ್ತದೆ. ಕೊನೆಗೆ ಸಿಗುವುದು `10 4 3 - -`. ಲೆಕ್ಕ ಹಾಕಿದರೆ 4ರಿಂದ 3 ಹೋಗಿ 1, 10ರಿಂದ 1 ಹೋಗಿ 9. ಸರಿಯಾದ ಉತ್ತರ 3. ಸಮ ಇದ್ದಾಗಲೂ ತೆಗೆದಿದ್ದರೆ `10 4 - 3 -` ಬರುತ್ತಿತ್ತು, ಉತ್ತರವೂ 3 ಆಗುತ್ತಿತ್ತು.

ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. `2 + 3 + 4` ಕೊಟ್ಟು ನೋಡಿದರೆ ಎರಡು ರೀತಿಯಲ್ಲೂ 9 ಬರುತ್ತದೆ. ಪಾಠದ ಉದಾಹರಣೆಗಳಲ್ಲಿ ಬರೀ ಕೂಡುವುದು, ಗುಣಿಸುವುದು ಇದ್ದರೆ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಒಂದರ ಹಿಂದೆ ಒಂದು ಮೈನಸ್ ಇರುವ ಲೆಕ್ಕ ಒಂದಾದರೂ ಬೇಕು.

ಈಗ ಕಿರಣ್ ಅವರ `>=`. ಘಾತಕ್ಕೆ `^` ಇಟ್ಟುಕೊಂಡು `2 ^ 3 ^ 2` ಕೊಡಿ. ಗಣಿತದ ರೂಢಿಯಲ್ಲಿ ಬಲಗಡೆಯದು ಮೊದಲು, ಅಂದರೆ 2ರ ಘಾತ 9, 512. ಸಮ ಇದ್ದಾಗ ತೆಗೆದರೆ `2 3 ^ 2 ^` ಆಗಿ 64 ಬರುತ್ತದೆ. ಹಾಗಾಗಿ ಸಮ ಇದ್ದಾಗ ಏನು ಮಾಡಬೇಕು ಅನ್ನುವುದನ್ನು ಬಂದ ಆಪರೇಟರ್ ನೋಡಿ ತೀರ್ಮಾನಿಸಬೇಕು:

```c
while (top >= 0 && st[top] != '(' &&
       (prec(st[top]) > prec(c) ||
        (prec(st[top]) == prec(c) && !right(c))))
    out[n++] = st[top--];
st[++top] = c;
```

ಇಲ್ಲಿ `right(c)` ಘಾತಕ್ಕೆ ಮಾತ್ರ 1 ಕೊಡುತ್ತದೆ. ಸಿ ಭಾಷೆಯಲ್ಲೇ `^` ಅಂದರೆ ಘಾತ ಅಲ್ಲ, ಬಿಟ್‌ಗಳ ಎಕ್ಸ್‌ಆರ್. ಲೆಕ್ಕ ಮಾಡುವ ಭಾಗದಲ್ಲಿ `a ^ b` ಅಂತ ಬರೆದವರನ್ನು ನೋಡಿದ್ದೇನೆ, ಅದಕ್ಕೇ ಈ ಮಾತು.

ಇನ್ನು ಕನ್ನಡದ ಪ್ರಶ್ನೆ. “ಹತ್ತು ವರ್ಷಕ್ಕಿಂತ ಹೆಚ್ಚಿದ್ದರೆ ಪೂರ್ತಿ ಟಿಕೆಟ್” ಅಂದಾಗ ಸರಿಯಾಗಿ ಹತ್ತು ತುಂಬಿದವರ ಬಗ್ಗೆ ಜಗಳ ಆಗುತ್ತದಲ್ಲ, ಇದೂ ಹಾಗೇ. ನಾನಾದರೆ ಹೀಗೆ ಬರೆಯುತ್ತೇನೆ: “ಮೇಲಿರುವುದರ ಆದ್ಯತೆ ಹೊಸದಕ್ಕಿಂತ ಕಡಿಮೆ ಇಲ್ಲದಿದ್ದರೆ ತೆಗೆಯಿರಿ. ಬಂದಿರುವುದು ಘಾತವಾದರೆ, ಸಮ ಇದ್ದಾಗ ತೆಗೆಯಬೇಡಿ.”

— ವಸುಧಾ

---

ಮೇಡಂ, ಅಷ್ಟುದ್ದ ಯಾಕೆ? “ಎಡ ಸಹವರ್ತನೀಯ”, “ಬಲ ಸಹವರ್ತನೀಯ” ಅಂದರೆ ಮುಗಿಯಿತಲ್ಲ. ಗಣಿತ ಪುಸ್ತಕದಲ್ಲಿ ಸಹವರ್ತನೀಯ ಅನ್ನುವ ಪದ ಇದ್ದೇ ಇದೆ.

— ಕಿರಣ್

---

ಆ ಪದ ಇರುವುದೇ ತೊಂದರೆ, ಕಿರಣ್. ಕಳೆಯುವುದಕ್ಕೆ ಸಹವರ್ತನೀಯ ಗುಣ ಇಲ್ಲ ಅಂತ ಅದೇ ಗಣಿತ ಪುಸ್ತಕ ಹೇಳುತ್ತದೆ. ಇಲ್ಲಿ ಬಂದು “ಮೈನಸ್ ಎಡ ಸಹವರ್ತನೀಯ” ಅಂದರೆ ಓದುವವರು ಯಾವುದನ್ನು ನಂಬಬೇಕು? ಅಲ್ಲಿ ಮಾತು ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ ಅನ್ನುವುದು. ಇಲ್ಲಿ ಉತ್ತರ ಬೇರೆ ಆಗುತ್ತದೆ ಅಂತಲೇ ಎಡದಿಂದ ಹಾಕಿ ಅನ್ನುತ್ತಿದ್ದೇವೆ. “ಎಡದಿಂದ ಕೂಡಿಕೊಳ್ಳುವ” ಅನ್ನಬಹುದೇನೋ. ಅದೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ, “ಕೂಡಿ” ಅಂದ ಕೂಡಲೇ ಪ್ಲಸ್ ನೆನಪಾಗುತ್ತದೆ.

ಎರಡನೇ ವಾಕ್ಯದ ಬಗ್ಗೆ ಯಾರೂ ಹೇಳಲಿಲ್ಲ. ಪಾಪ್ ಮಾಡಿದಾಗ ಮೊದಲು ಕೈಗೆ ಸಿಗುವುದು ಬಲಗಡೆಯ ಸಂಖ್ಯೆ. `8 3 -` ಇದ್ದರೆ ಮೊದಲು 3, ಆಮೇಲೆ 8. ಪಾಠದ ವಾಕ್ಯವನ್ನು ಪಾಪ್ ಮಾಡಿದ ಕ್ರಮ ಅಂತ ಓದಿದರೆ 3ರಿಂದ 8 ಕಳೆದು -5 ಬರುತ್ತದೆ. ಬರೆದ ಕ್ರಮ ಅಂತ ಓದಿದರೆ 5. “ಮೊದಲನೆಯದು” ಅನ್ನುವುದನ್ನೇ ಬಿಟ್ಟು “ಎಡದ ಸಂಖ್ಯೆ”, “ಬಲದ ಸಂಖ್ಯೆ” ಅನ್ನಿ.

```c
int b = pop();   /* ಬಲದ ಸಂಖ್ಯೆ */
int a = pop();   /* ಎಡದ ಸಂಖ್ಯೆ */
push(a - b);
```

ಇದನ್ನು ಒಂದೇ ಸಾಲಿಗೆ ಇಳಿಸಿ `push(pop() - pop())` ಅಂತ ಮಾತ್ರ ಬರೆಯಬೇಡಿ. ಎರಡು `pop()`ಗಳಲ್ಲಿ ಯಾವುದು ಮೊದಲು ಓಡಬೇಕು ಅಂತ ಸಿ ನಿಯಮದಲ್ಲಿ ಹೇಳಿಲ್ಲ. ಒಂದು ಕಂಪೈಲರ್‌ನಲ್ಲಿ 5, ಇನ್ನೊಂದರಲ್ಲಿ -5 ಬರಬಹುದು, ಎರಡರದ್ದೂ ತಪ್ಪಲ್ಲ.

— ವಸುಧಾ

---

ನನ್ನದೂ ಒಂದು ಇದೆ, ಇಲ್ಲೇ ಕೇಳ್ತೀನಿ. ನನ್ನ ಪ್ರೋಗ್ರಾಂಗೆ `-5 + 2` ಕೊಟ್ಟರೆ ಖಾಲಿ ಸ್ಟ್ಯಾಕ್‌ನಿಂದ ಪಾಪ್ ಮಾಡೋಕೆ ಹೋಗಿ ಬೀಳುತ್ತೆ. ಮುಂದೆ ಒಂದು 0 ಸೇರಿಸಿ `0-5+2` ಮಾಡಿಕೊಂಡು ಸುಮ್ನಾದೆ. ಆದರೆ `2 ^ -3`ಗೆ ಅದೂ ಆಗಲಿಲ್ಲ.

— ಇಮ್ರಾನ್

---

ಇಮ್ರಾನ್, ಅದು ಕಳೆಯುವ ಮೈನಸ್ ಅಲ್ಲ, ಚಿಹ್ನೆಯ ಮೈನಸ್. ಸಾಲಿನ ಶುರುವಿನಲ್ಲಿ, ಆಪರೇಟರ್ ಆದಮೇಲೆ, ಅಥವಾ `(` ಆದಮೇಲೆ ಬಂದರೆ ಅದಕ್ಕೆ ಬೇರೆ ಗುರುತು ಕೊಡಿ, `~` ಅಂತ ಇಟ್ಟುಕೊಳ್ಳಿ. ಲೆಕ್ಕ ಮಾಡುವಾಗ ಅದಕ್ಕೆ ಒಂದೇ ಪಾಪ್. ಇನ್ನೊಂದು ಮಾತು, `~` ಬಂದಾಗ ಮೇಲಿನ `while` ಓಡಿಸಬಾರದು, ಸೀದಾ ಪುಶ್ ಮಾಡಬೇಕು. ಓಡಿಸಿದರೆ, `~`ನ ಆದ್ಯತೆ `^`ಗಿಂತ ಕಡಿಮೆ ಅಥವಾ ಸಮ ಇದ್ದಾಗ, `2 ^ -3`ರಲ್ಲಿ 3 ಬರುವ ಮೊದಲೇ `^` ಹೊರಬಿದ್ದು, ಸ್ಟ್ಯಾಕ್‌ನಲ್ಲಿ 2 ಒಂದೇ ಇರುವಾಗ ಎರಡು ಪಾಪ್ ಕೇಳುತ್ತದೆ. ಅಂದಹಾಗೆ ಇದರ ಉತ್ತರ 1/8, `int` ಸ್ಟ್ಯಾಕ್‌ನಲ್ಲಿ 0 ಆಗಿಬಿಡುತ್ತದೆ. `double` ಇಟ್ಟುಕೊಳ್ಳಿ.

— ವಸುಧಾ

---

ವಸುಧಾ ಅವರೇ, “ಕಡಿಮೆ ಇಲ್ಲದಿದ್ದರೆ”, “ಎಡದ ಸಂಖ್ಯೆ”, “ಬಲದ ಸಂಖ್ಯೆ” ಮೂರನ್ನೂ ತೆಗೆದುಕೊಂಡೆ. “ಸಹವರ್ತನೀಯ” ಸದ್ಯಕ್ಕೆ ಬಿಟ್ಟಿದ್ದೇನೆ, ಕಿರಣ್ ಬೇಜಾರು ಮಾಡಿಕೊಳ್ಳಬಾರದು.

ಇಮ್ರಾನ್ ಪ್ರಶ್ನೆಯಿಂದ ಹೊಸ ತಲೆನೋವು ಶುರುವಾಗಿದೆ. `-2 ^ 2`ಕ್ಕೆ ಪೈಥಾನ್‌ನ `-2 ** 2` ಕೊಡುವುದು -4. ಎಕ್ಸೆಲ್‌ನಲ್ಲಿ `=-2^2` ಹಾಕಿದರೆ 4. ನಮ್ಮ `~`ಗೆ `^`ಗಿಂತ ಜಾಸ್ತಿ ಆದ್ಯತೆ ಕೊಡಬೇಕೋ ಕಡಿಮೆಯೋ? ಗಣಿತ ಓದಿದವರು -4 ಅನ್ನುತ್ತಾರೆ, ಎಕ್ಸೆಲ್ ಬಳಸುವವರು 4 ಅನ್ನುತ್ತಾರೆ. ಪಾಠದಲ್ಲಿ ಯಾವುದನ್ನು ಹಾಕಲಿ?

— ಸುಮನಾ