ಬಾಗಿದ ಪೆನ್‌ಡ್ರೈವ್: ಒರೆಸಿದರೆ ಸಾಕೇ, ಚಿಪ್ ತೆಗೆಯಬೇಕೇ?

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಹಾಕಿದ್ದ ಪೆನ್‌ಡ್ರೈವ್‌ಗೆ ಮೊಣಕೈ ತಗುಲಿ ಕನೆಕ್ಟರ್ ಬಾಗಿದೆ. ಒತ್ತಿ ಹಿಡಿದರೆ ದೀಪ ಹೊತ್ತುತ್ತದೆ, ಆದರೆ `USB device not recognized` ಎಂದು ಬರುತ್ತದೆ. ಒಳಗೆ ಹಸಿರು ಕಲೆಯೂ ಇದೆ. ಪ್ರಬಂಧದ ಒಂದೇ ಪ್ರತಿ ಅದರಲ್ಲಿದೆ. ಸ್ವಚ್ಛಗೊಳಿಸಿದರೆ ಸಾಕೇ?

ಒಬ್ಬ ಸದಸ್ಯ: ಇಕ್ಕಳದಿಂದ ನೇರ ಮಾಡಿ, ಆಲ್ಕೋಹಾಲ್‌ನಿಂದ ಒರೆಸಿ. ಒತ್ತಿ ಹಿಡಿದೇ ಫೈಲ್ ನಕಲು ಮಾಡಿಕೊಳ್ಳಿ. ನನಗೆ ಹಾಗೆಯೇ ಸಿಕ್ಕಿತು.

ಡೇಟಾ ರಿಕವರಿ ತಂತ್ರಜ್ಞ: ಆಲ್ಕೋಹಾಲ್ ಸರಿ, ಇಕ್ಕಳ ಬೇಡ. ಕನೆಕ್ಟರ್ ಬಾಗಿದಾಗ ಅದರ ಕಾಲುಗಳು ಬೋರ್ಡಿನ ತಾಮ್ರದ ಪದರವನ್ನೂ ಮೇಲಕ್ಕೆ ಎತ್ತಿರುತ್ತವೆ. ಮತ್ತೆ ನೇರ ಮಾಡಲು ಹೋದರೆ ಅರ್ಧ ಎದ್ದದ್ದು ಪೂರ್ತಿ ಹರಿಯುತ್ತದೆ. ಒತ್ತಿ ಹಿಡಿಯುವುದರಲ್ಲಿ ಇನ್ನೊಂದು ಅಪಾಯವಿದೆ: 5 ವೋಲ್ಟ್‌ನ ಕಾಲು ಪಕ್ಕದ ಡೇಟಾ ಕಾಲಿಗೆ ತಗುಲಿದರೆ ಡ್ರೈವ್ ನಡೆಸುವ ಚಿಪ್, ಅಂದರೆ ಕಂಟ್ರೋಲರ್, ಸುಟ್ಟುಹೋಗಬಹುದು. ಕೆಲವರಿಗೆ ಫೈಲ್ ಸಿಗುತ್ತದೆ, ನಿಜ. ಒಂದೇ ಪ್ರತಿ ಇದ್ದಾಗ ಆ ಜೂಜು ನನಗೆ ಒಪ್ಪಿಗೆಯಿಲ್ಲ.

ಹಸಿರು ಕಲೆ ಹೊರಗಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಾತ್ರವಿದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೃದುವಾದ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಅಷ್ಟು ನೀವೇ ಮಾಡಬಹುದು. ಮರಳು ಕಾಗದ ಬೇಡ, ಲೇಪನ ಕಿತ್ತು ಬರುತ್ತದೆ. ಕಲೆ ಕವಚದೊಳಗೆ ಹಬ್ಬಿದ್ದರೆ ಒರೆಸುವುದರಿಂದ ಮುಗಿಯುವುದಿಲ್ಲ.

ಇನ್ನೊಬ್ಬ ಸದಸ್ಯೆ: ನನ್ನದು ಬಟ್ಟೆಯ ಜೊತೆ ಯಂತ್ರದಲ್ಲಿ ತೊಳೆದುಹೋಗಿತ್ತು. ಒಣಗಿಸಿದ ಮೇಲೆ ತೆರೆಯಿತು, ಆದರೆ ಫಾರ್ಮ್ಯಾಟ್ ಮಾಡಲು ಕೇಳಿತು. ಮಾಡಲೇ?

ತಂತ್ರಜ್ಞ: ಮಾಡಬೇಡಿ. ನಿಮ್ಮದು ಬೇರೆ ಸಮಸ್ಯೆ, ಬೇರೆ ಪ್ರಶ್ನೆಯಾಗಿ ಕೇಳಿ.

ಪ್ರಶ್ನೆ ಕೇಳಿದವರು: ಕವಚ ತೆಗೆದೆ. ನಾಲ್ಕು ಕಾಲುಗಳಲ್ಲಿ ಎರಡನೆಯದರ ಕೆಳಗೆ ತಾಮ್ರ ಎದ್ದಿದೆ, ಉಳಿದವು ಸರಿಯಾಗಿ ಕಾಣುತ್ತವೆ.

ತಂತ್ರಜ್ಞ: 5 ವೋಲ್ಟ್ ಕಡೆಯಿಂದ ಎಣಿಸಿದ್ದರೆ ಎರಡನೆಯದು ಡೇಟಾ ಮೈನಸ್. ನೀವು ನೋಡಿದ ಸಂದೇಶಕ್ಕೂ ಅದು ಹೊಂದುತ್ತದೆ: ಮೂರನೆಯದಾದ ಡೇಟಾ ಪ್ಲಸ್ ಮೂಲಕ ಡ್ರೈವ್ ಬಂದಿದೆ ಎಂದು ಕಂಪ್ಯೂಟರ್‌ಗೆ ತಿಳಿಯುತ್ತದೆ, ಆದರೆ ಮಾತು ಮುಂದುವರಿಯುವುದಿಲ್ಲ. ಪ್ಲಸ್ ತುಂಡಾಗಿದ್ದರೆ ದೀಪ ಹೊತ್ತಿದರೂ ಕಂಪ್ಯೂಟರ್ ಸುಮ್ಮನಿರುತ್ತಿತ್ತು. ಆ ಕಾಲಿನಿಂದ ಹೊರಡುವ ತಾಮ್ರದ ಗೆರೆಯ ಮುಂದಿನ ಭಾಗವನ್ನು ಸ್ವಲ್ಪ ಕೆರೆದು ತೆಳು ತಂತಿ ಬೆಸೆದರೆ ಸಾಕು. ಉಳಿದ ಮೂರನ್ನೂ ಹಳೆಯ ಯುಎಸ್‌ಬಿ ಕೇಬಲ್‌ಗೆ ಬೆಸೆದು ಒಮ್ಮೆ ಮಾತ್ರ ಓದಿಕೊಳ್ಳುವುದು ನನ್ನ ಕ್ರಮ. ಬೆಸುಗೆಯ ಕೈ ಪಳಗಿರದಿದ್ದರೆ ಬೇರೆಯವರಿಗೆ ಬಿಡಿ.

ಮೊದಲ ಸದಸ್ಯ: ಹಾಗಾದರೆ ಫೈಲ್‌ಗಳಿರುವ ಮೆಮೊರಿ ಚಿಪ್ ತೆಗೆದು ನೇರವಾಗಿ ಓದಿದರೆ ಸುಲಭವಲ್ಲವೇ?

ತಂತ್ರಜ್ಞ: ಇಲ್ಲ. ಕಂಟ್ರೋಲರ್ ಬರೆಯುವಾಗಲೇ ದತ್ತಾಂಶವನ್ನು ಕಲೆಸಿಡುತ್ತದೆ; ಬರಿ ಚಿಪ್‌ನಿಂದ ಸಿಗುವುದನ್ನು ಆ ಕ್ರಮ ಕಂಡುಹಿಡಿದು ಬಿಡಿಸಬೇಕು. ನಾಲ್ಕೂ ಗೆರೆಗಳು ಸರಿಯಿದ್ದು, ವಿದ್ಯುತ್ ತಲುಪಿದರೂ ಡ್ರೈವ್ ಸತ್ತಂತಿದ್ದರೆ, ಚಿಪ್ ಬಿಸಿಯಾದರೆ ಅಥವಾ ಬೋರ್ಡ್ ಸೀಳಿದ್ದರೆ ಮಾತ್ರ ಆ ದಾರಿ. ಉಗುರಿನಷ್ಟು ಪುಟ್ಟ ಡ್ರೈವ್‌ಗಳಲ್ಲಂತೂ ಎಲ್ಲವೂ ಒಂದೇ ತುಣುಕಿನಲ್ಲಿ ಅಚ್ಚಾಗಿರುವುದರಿಂದ ಬಿಡಿ ಚಿಪ್ಪೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು: ಎಣಿಕೆ ಯಾವ ಕಡೆಯಿಂದ ಎಂದು ನನಗೂ ಖಾತ್ರಿಯಿಲ್ಲ. ಚಿತ್ರ ಹಾಕುತ್ತೇನೆ.

ತಂತ್ರಜ್ಞ: ಹಾಕಿ. ಅಲ್ಲಿಯವರೆಗೆ ಮತ್ತೆ ಲ್ಯಾಪ್‌ಟಾಪ್‌ಗೆ ಹಾಕಬೇಡಿ.