ಮಗುವಿಗೆ ನೀರುಭೇದಿ: ಓಆರ್‌ಎಸ್ ಪೊಟ್ಟಣವನ್ನು ಸ್ವಲ್ಪ ಸ್ವಲ್ಪವೇ ಕಲಸಬಹುದೇ?

ಹೊಸನಗರ ಕಡೆಯ ತಾಯಿ:
ಮಗನಿಗೆ ಒಂದು ವರ್ಷ ನಾಲ್ಕು ತಿಂಗಳು. ನಿನ್ನೆ ಬೆಳಗಿನಿಂದ ಏಳು ಸಲ ನೀರಿನಂತೆ ಭೇದಿಯಾಗಿದೆ. ರಕ್ತವಿಲ್ಲ, ಜ್ವರವಿಲ್ಲ. ಆಶಾ ಅಕ್ಕ ಎರಡು ಓಆರ್‌ಎಸ್ ಪೊಟ್ಟಣ, ಹದಿನಾಲ್ಕು ಜಿಂಕ್ ಮಾತ್ರೆ ಕೊಟ್ಟು ಹೋಗಿದ್ದಾರೆ. ಇವನು ಕುಡಿಯುವುದೇ ಅರ್ಧ ಲೋಟ. ಇಡೀ ಪೊಟ್ಟಣ ಕಲಸಿದರೆ ಚೆಲ್ಲಬೇಕಾಗುತ್ತದೆ. ಸ್ವಲ್ಪ ಸ್ವಲ್ಪ ಪುಡಿ ತೆಗೆದು ಲೋಟದಲ್ಲಿ ಕಲಸಬಹುದೇ? ಎರಡು ಸಲ ಕುಡಿಸಿದೆ, ಭೇದಿ ನಿಂತಿಲ್ಲ. ಜಿಂಕ್ ಮಾತ್ರೆಯನ್ನಂತೂ ಉಗಿದುಬಿಡುತ್ತಾನೆ.

ತೀರ್ಥಹಳ್ಳಿಯ ಒಬ್ಬ ತಂದೆ:
ನಮ್ಮ ಮಗಳಿಗೂ ಹೋದ ಮಳೆಗಾಲದಲ್ಲಿ ಹೀಗೇ ಆಗಿತ್ತು. ನಾವು ಪೊಟ್ಟಣದ ಬಾಯಿ ಕತ್ತರಿಸಿ, ಒಂದು ಲೋಟ ನೀರಿಗೆ ಒಂದು ಚಮಚ ಪುಡಿಯಂತೆ ಹಾಕಿ ಕೊಟ್ಟೆವು. ಉಳಿದದ್ದನ್ನು ಮಡಚಿ ಡಬ್ಬಿಯಲ್ಲಿ ಇಟ್ಟಿದ್ದೆವು. ಏನೂ ತೊಂದರೆಯಾಗಲಿಲ್ಲ. ಒಂದೇ ಸಲ ಲೋಟ ಬಾಯಿಗೆ ಹಿಡಿಯಬೇಡಿ, ಚಮಚದಲ್ಲಿ ನಿಧಾನವಾಗಿ ಕುಡಿಸಿ. ಪ್ರತಿ ಸಲ ಭೇದಿಯಾದ ಮೇಲೂ ಕೊಡಬೇಕು. ಮೂರನೆಯ ದಿನ ಭೇದಿ ನಿಂತಿತು, ಜಿಂಕ್ ಕೂಡ ಅಂದೇ ನಿಲ್ಲಿಸಿದೆವು. ಚಿಕ್ಕ ಮಗುವಿಗೆ ಸುಮ್ಮನೆ ಮಾತ್ರೆ ಯಾಕೆ ಎಂದು.

ಸಾಗರದ ನಿವೃತ್ತ ನರ್ಸ್:
ಅಣ್ಣ, ಚಮಚದಲ್ಲಿ ಕುಡಿಸಿ ಎಂದದ್ದು ಸರಿ, ಪ್ರತಿ ಭೇದಿಯ ನಂತರ ಎಂದದ್ದೂ ಸರಿ. ಪುಡಿಯನ್ನು ಚಮಚದಲ್ಲಿ ಅಳೆದದ್ದು ಮಾತ್ರ ಸರಿಯಲ್ಲ. ಆ ಪೊಟ್ಟಣದೊಳಗೆ ಗ್ಲೂಕೋಸ್ ಇದೆ, ಅಡುಗೆ ಉಪ್ಪು ಇದೆ, ಪೊಟ್ಯಾಸಿಯಂ ಇದೆ, ಸಿಟ್ರೇಟ್ ಇದೆ. ಎಲ್ಲದರ ಹರಳೂ ಒಂದೇ ಗಾತ್ರದ್ದಲ್ಲ. ಬ್ಯಾಗಿನಲ್ಲಿ ಅಲುಗಾಡಿ ಬಂದ ಪೊಟ್ಟಣದಲ್ಲಿ ಮೇಲಿನ ಚಮಚಕ್ಕೆ ಬಂದದ್ದು ಕೆಳಗಿನ ಚಮಚಕ್ಕೆ ಬರುವುದಿಲ್ಲ. ಒಂದು ಲೋಟ ಸಪ್ಪೆ, ಇನ್ನೊಂದು ಲೋಟ ಉಪ್ಪಾಗಬಹುದು. ಮೇಲಾಗಿ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಪೊಟ್ಟಣ ಬೆಳಗಾಗುವುದರೊಳಗೆ ತಂಪು ಹಿಡಿದು ಗಟ್ಟಿಯಾಗುತ್ತದೆ.

ತಂಗಿ, ಪೊಟ್ಟಣದ ಹಿಂಭಾಗ ಒಮ್ಮೆ ಓದು. ಒಂದು ಲೀಟರ್ ಎಂದಿದ್ದರೆ ಇಡೀ ಪುಡಿ, ಇಡೀ ಒಂದು ಲೀಟರ್ ನೀರು. ಚೊಂಬು, ತಂಬಿಗೆ ಮನೆಯಿಂದ ಮನೆಗೆ ಬೇರೆ, ಅವುಗಳಿಂದ ಅಳೆಯಬೇಡ. ಒಂದು ಲೀಟರಿನ ನೀರಿನ ಬಾಟಲಿ ಮನೆಯಲ್ಲಿ ಇದ್ದೇ ಇರುತ್ತದೆ. ಕುದಿಸಿ ಆರಿಸಿದ ನೀರನ್ನು ಅದರಲ್ಲಿ ಅಳೆದು, ತೊಳೆದ ಪಾತ್ರೆಗೆ ಸುರಿದು, ಪುಡಿ ಪೂರ್ತಿ ಕರಗುವವರೆಗೆ ತಿರುಗಿಸು. ಕಲಸಿದ ಮೇಲೆ ಕುದಿಸಬಾರದು, ಸಕ್ಕರೆ, ನಿಂಬೆರಸ, ಹಾಲು ಏನನ್ನೂ ಸೇರಿಸಬಾರದು. ಮುಚ್ಚಿಟ್ಟರೆ ಇಪ್ಪತ್ತನಾಲ್ಕು ಗಂಟೆ ಬಳಸಬಹುದು. ಆಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಕಲಸು.

ಚೆಲ್ಲಬೇಕಾಗುತ್ತದೆ ಎಂದು ಸಂಕಟ ಪಡುತ್ತಿದ್ದೀಯಲ್ಲ, ಲೆಕ್ಕ ಹಾಕಿ ನೋಡು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿಲಿ, ಅಂದರೆ 200 ಮಿಲಿ ಲೋಟದಲ್ಲಿ ಕಾಲು ಭಾಗದಿಂದ ಅರ್ಧ. ಏಳು ಭೇದಿಗೆ ಅರ್ಧ ಲೀಟರ್ ಹತ್ತಿರ ಹತ್ತಿರ ಆಯಿತು. ನೀನು ನಿನ್ನೆಯಿಂದ ಎರಡೇ ಸಲ ಕೊಟ್ಟಿದ್ದೀಯ. ಇಲ್ಲಿ ಪೊಟ್ಟಣ ಹೆಚ್ಚಾಗಿಲ್ಲ, ಕುಡಿಸಿದ್ದು ಕಡಿಮೆಯಾಗಿದೆ.

ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡು. ಆಗ ಎರಡು ಮೂರು ನಿಮಿಷಕ್ಕೆ ಒಂದು ಚಮಚ ಸಾಕು.

ಆಗುಂಬೆ ಕಡೆಯ ಇನ್ನೊಬ್ಬ ತಾಯಿ:
ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ನನ್ನ ಮಗಳಿಗೆ ಹನ್ನೊಂದು ತಿಂಗಳಿದ್ದಾಗ ನಡೆದದ್ದು. ಮೊದಲು ಒಮ್ಮೆ ಅಂಗಡಿಯಿಂದ ತಂದದ್ದು ಚಿಕ್ಕ ಪೊಟ್ಟಣ, ಒಂದು ಲೋಟ ನೀರಿಗೆ ಒಂದು. ಎರಡನೆಯ ಸಲ ಕೈಗೆ ಬಂದದ್ದು ದೊಡ್ಡ ಪೊಟ್ಟಣ. ನಾನು ಗಾತ್ರ ನೋಡಲಿಲ್ಲ. ಅದನ್ನೂ ಒಂದೇ ಲೋಟಕ್ಕೆ ಸುರಿದೆ. ಐದು ಲೋಟದ ಪುಡಿ ಒಂದು ಲೋಟಕ್ಕೆ ಬಿತ್ತು.

ಮಗು ಆಸೆಯಿಂದ ಕುಡಿಯಿತು. ಕುಡಿದಷ್ಟೂ ಬಾಯಾರಿಕೆ. ಲೋಟ ಕಂಡರೆ ಕೈ ಚಾಚಿ ಅಳುವುದು. ಬಾಯಾರಿದೆ ಎಂದು ನಾನು ಮತ್ತೆ ಅದನ್ನೇ ಕೊಟ್ಟೆ. ಭೇದಿ ಇನ್ನಷ್ಟು ಹೆಚ್ಚಿತು. ಸಂಜೆಯ ಹೊತ್ತಿಗೆ ಮೈ ಮುಟ್ಟಿದರೂ ಕಿರುಚುತ್ತಿತ್ತು, ತುಟಿ ಒಣಗಿ ಬಿರಿದಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ‘ಹೇಗೆ ಕಲಸಿದಿರಿ, ಯಾವ ಲೋಟದಲ್ಲಿ’ ಎಂದು. ಲೋಟದ ಗಾತ್ರವನ್ನು ಕೈಯಲ್ಲಿ ತೋರಿಸಿದೆ. ರಕ್ತ ಪರೀಕ್ಷೆಯಲ್ಲಿ ಉಪ್ಪಿನ ಅಂಶ ಏರಿತ್ತು. ಅದನ್ನು ಒಮ್ಮೆಲೇ ಇಳಿಸಬಾರದು, ನಿಧಾನವಾಗಿ ಇಳಿಸಬೇಕು ಎಂದು ಮೂರು ದಿನ ಇರಿಸಿಕೊಂಡರು. ಮಗು ಈಗ ಚೆನ್ನಾಗಿದೆ.

ದಯವಿಟ್ಟು ಪೊಟ್ಟಣ ಕತ್ತರಿಸುವಾಗ ನೀರಿನ ಅಳತೆ ಬರೆದಿರುವ ಜಾಗವನ್ನು ಕತ್ತರಿಸಬೇಡಿ.

ಭದ್ರಾವತಿಯ ಹಿರಿಯರು:
ನನಗೆ ಮದುವೆ ಊಟದ ನಂತರ ಹೀಗೇ ಆಗಿ, ಔಷಧಿ ಅಂಗಡಿಯಲ್ಲಿ ಭೇದಿ ಕಟ್ಟುವ ಮಾತ್ರೆ ಕೊಟ್ಟರು. ಎರಡು ಗಂಟೆಯಲ್ಲಿ ನಿಂತಿತು. ಮಗುವಿಗೆ ಅದರ ಅರ್ಧ ಕೊಡಬಹುದಲ್ಲ? ಇಲ್ಲವಾದರೆ ಪೇಟೆಗೆ ಕರೆದುಕೊಂಡು ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ. ಉಪ್ಪು ಸಕ್ಕರೆ ನೀರನ್ನು ನಂಬಿಕೊಂಡು ಕೂರಬೇಡಿ.

ಸಾಗರದ ನಿವೃತ್ತ ನರ್ಸ್:
ಬೇಡ ಯಜಮಾನರೇ, ಆ ಮಾತ್ರೆಯನ್ನು ಇಷ್ಟು ಚಿಕ್ಕ ಮಗುವಿಗೆ ಕಾಲು ಭಾಗವೂ ಕೊಡಬಾರದು. ಅದು ಕರುಳಿನ ಚಲನೆಯನ್ನೇ ನಿಲ್ಲಿಸುತ್ತದೆ. ಹೊಟ್ಟೆ ಉಬ್ಬುತ್ತದೆ, ಮಗು ಮಂಪರಿಗೆ ಜಾರಬಹುದು. ಹೊರಗೆ ಬರುವುದು ನಿಂತಿತೆಂದು ನಾವು ಸಮಾಧಾನ ಪಡುತ್ತೇವೆ, ಒಳಗೆ ಕರುಳಿನಲ್ಲಿ ನೀರು ತುಂಬುತ್ತಲೇ ಇರುತ್ತದೆ.

ತಂಗಿ, ಓಆರ್‌ಎಸ್ ಕೊಟ್ಟರೂ ಭೇದಿ ನಿಂತಿಲ್ಲ ಎಂದೆಯಲ್ಲ, ಅದು ಭೇದಿ ನಿಲ್ಲಿಸುವ ಔಷಧಿಯೇ ಅಲ್ಲ. ಹೋದ ನೀರನ್ನೂ ಉಪ್ಪನ್ನೂ ಮೈಗೆ ವಾಪಸು ತುಂಬುವುದು ಅದರ ಕೆಲಸ. ಭೇದಿ ಆಗುತ್ತಿರುವಾಗಲೂ ಕರುಳಿನ ಗೋಡೆ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ಲೂಕೋಸ್ ತನ್ನ ಜೊತೆಗೆ ಉಪ್ಪನ್ನು ಕರೆದೊಯ್ಯುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಇಬ್ಬರೂ ಸರಿಸಮ ಇದ್ದರೆ ಮಾತ್ರ ಈ ಜೋಡಿ ನಡೆಯುತ್ತದೆ. ಸಕ್ಕರೆ ಹೆಚ್ಚಾದರೆ ಅದೇ ಕರುಳೊಳಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಸಿಗುವ ಸಿಹಿ ಪೆಟ್ಟಿಗೆ ಪಾನೀಯಗಳನ್ನು ಮಗುವಿಗೆ ಬೇಡ ಎನ್ನುವುದು ಇದಕ್ಕೇ. ಅಂಥವುಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರ ಇರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಶಿವಮೊಗ್ಗದ ವಿಜ್ಞಾನ ಮೇಷ್ಟ್ರು:
ಹಿರಿಯರ ಅನುಮಾನಕ್ಕೆ ಒಂದು ಮಾತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರ ಬಳಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಅವರು ಇದೇ ಉಪ್ಪು ಗ್ಲೂಕೋಸಿನ ನೀರನ್ನು ಪೀಪಾಯಿಗಳಲ್ಲಿ ಕಲಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಡ್ರಿಪ್ ಬೇಕಾಗುವುದು ಬಾಯಿಂದ ಕುಡಿಯಲಾಗದ ಸ್ಥಿತಿಗೆ.

ಕೊಪ್ಪದ ಅಜ್ಜಿ:
ಮಗೂ, ಅನ್ನ ನಿಲ್ಲಿಸಬೇಡ. ನಮ್ಮ ಕಾಲದಲ್ಲಿ ಹೊಟ್ಟೆ ಖಾಲಿ ಇಡು ಎನ್ನುತ್ತಿದ್ದರು, ಅದರಿಂದ ಮಕ್ಕಳು ಸೊರಗಿ ಹೋಗುತ್ತಿದ್ದವು. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ನುರಿದು, ಚೂರು ಉಪ್ಪು ಹಾಕಿ ಕೊಡು. ಎದೆಹಾಲು ಕೇಳಿದಾಗಲೆಲ್ಲ ಕೊಡು. ಕೊಡಸಿಗೆ ತೊಗಟೆಯ ಕಷಾಯವೂ ಒಳ್ಳೆಯದು, ನನ್ನ ಮಕ್ಕಳಿಗೆ ಅದನ್ನೇ ಕೊಟ್ಟದ್ದು.

ಸಾಗರದ ನಿವೃತ್ತ ನರ್ಸ್:
ಗಂಜಿ, ಎದೆಹಾಲು ಎರಡಕ್ಕೂ ನನ್ನದು ಕೈ ಮುಗಿದ ಒಪ್ಪಿಗೆ ಅಮ್ಮ. ಕಷಾಯಕ್ಕೆ ಮಾತ್ರ ಇಲ್ಲ. ಅದು ಎಷ್ಟು ಗಾಢ, ಎಷ್ಟು ಚಮಚ ಎಂದು ಮಗುವಿಗೆ ಅಳತೆ ಹೇಳುವವರಿಲ್ಲ.

ಕೊಪ್ಪದ ಅಜ್ಜಿ:
ನನ್ನ ಐವರು ಮಕ್ಕಳೂ ಅದನ್ನು ಕುಡಿದೇ ಬೆಳೆದದ್ದು. ನಿನ್ನ ಮಾತು ನಿನಗೆ.

ಹೊಸನಗರ ಕಡೆಯ ತಾಯಿ:
ಇಡೀ ಪೊಟ್ಟಣ ಒಂದು ಲೀಟರಿಗೆ ಕಲಸಿಟ್ಟಿದ್ದೇನೆ ಅಕ್ಕ. ಈಗ ಚಮಚದಲ್ಲಿ ಒಂದು ಲೋಟದಷ್ಟು ಕುಡಿದ. ಜಿಂಕ್ ಹೇಗೆ ಕೊಡಲಿ? ಭೇದಿ ನಿಂತರೆ ಮಾತ್ರೆಯನ್ನೂ ನಿಲ್ಲಿಸಬಹುದೇ?

ಸಾಗರದ ನಿವೃತ್ತ ನರ್ಸ್:
ನಿಲ್ಲಿಸಬೇಡ. ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೊಂದು 20 ಮಿಲಿಗ್ರಾಂ ಮಾತ್ರೆ, ಹದಿನಾಲ್ಕು ದಿನ. ಎರಡರಿಂದ ಆರು ತಿಂಗಳ ಕೂಸಿಗಾದರೆ ಅರ್ಧ. ಭೇದಿಯಲ್ಲಿ ಮೈಯ ಜಿಂಕ್ ಸೋರಿ ಹೋಗಿರುತ್ತದೆ, ಸವೆದ ಕರುಳಿನ ಒಳಪದರ ಮತ್ತೆ ಬೆಳೆಯಲು ಅದು ಬೇಕು. ಪೂರ್ತಿ ಕೊಟ್ಟ ಮಕ್ಕಳಿಗೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವುದು ಕಡಿಮೆ. ತೀರ್ಥಹಳ್ಳಿಯ ಅಣ್ಣ ಮೂರನೆಯ ದಿನ ನಿಲ್ಲಿಸಿದ್ದರಲ್ಲ, ಆ ಲಾಭ ಅಲ್ಲಿಗೆ ಹೋಯಿತು.

ಮಾತ್ರೆಯನ್ನು ನುಂಗಿಸಲು ಹೋಗಬೇಡ. ಚಮಚದಲ್ಲಿಟ್ಟು, ಹಿಂಡಿದ ಎದೆಹಾಲನ್ನು ನಾಲ್ಕು ಹನಿ ಹಾಕು. ಅಂಚಿನಿಂದ ಕರಗುತ್ತ ಒಂದು ನಿಮಿಷದೊಳಗೆ ಬಿಳಿ ಕೆಸರಿನಂತಾಗುತ್ತದೆ. ಲೋಹದ ರುಚಿ ಇರುವುದರಿಂದ ನಾಲಿಗೆಯ ತುದಿಗೆ ಇಟ್ಟರೆ ಉಗಿಯುತ್ತಾನೆ, ಕೆನ್ನೆಯ ಒಳಬದಿಗೆ ಬಿಡು, ಕೂಡಲೇ ಹಾಲು ಕುಡಿಸು. ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಇನ್ನೊಂದು ಮಾತ್ರೆ ಕೊಡಬಹುದು. ಓಆರ್‌ಎಸ್ ಪಾತ್ರೆಗೆ ಹಾಕಿಬಿಡಬೇಡ, ಮಗುವಿನ ಹೊಟ್ಟೆಗೆ ಎಷ್ಟು ಸೇರಿತೆಂದು ತಿಳಿಯುವುದಿಲ್ಲ.

ಈಗ ಮುಖ್ಯವಾದದ್ದು. ರಾತ್ರಿ ಮೂರು ಸಂಗತಿ ನೋಡು: ಮೂತ್ರ ಹೋಗುತ್ತಿದೆಯೇ, ಅಳುವಾಗ ಕಣ್ಣೀರು ಬರುತ್ತಿದೆಯೇ, ಹೊಟ್ಟೆಯ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ತಕ್ಷಣ ಸರಿಯಾಗುತ್ತದೆಯೇ. ಮಡಿಕೆ ನಿಧಾನವಾಗಿ ಇಳಿದರೆ, ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರವೇ ಇಲ್ಲದಿದ್ದರೆ, ಕುಡಿಯಲಾರದಷ್ಟು ಮಂಕಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ ಬೆಳಗಿನ ಬಸ್ಸಿಗೆ ಕಾಯಬೇಡ. 108ಕ್ಕೆ ಕರೆ ಮಾಡು, ದಾರಿಯುದ್ದಕ್ಕೂ ಚಮಚದಲ್ಲಿ ಕೊಡುತ್ತಲೇ ಹೋಗು. ಮಂಕಾಗಿ ಎಚ್ಚರ ತಪ್ಪುವಂತಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡ.

ತೀರ್ಥಹಳ್ಳಿಯ ಒಬ್ಬ ತಂದೆ:
ಮಗಳ ಉಳಿದ ಮಾತ್ರೆಗಳು ಇನ್ನೂ ಕಪಾಟಿನಲ್ಲಿವೆ ಅಕ್ಕ. ಈಗ ಕೊಡಬಹುದೇ?

ಸಾಗರದ ನಿವೃತ್ತ ನರ್ಸ್:
ಈಗ ಬೇಡ. ಮುಂದೆ ಭೇದಿ ಬಂದರೆ ಅವಧಿ ಮುಗಿದಿದೆಯೇ ನೋಡಿ, ಮುಗಿದಿದ್ದರೆ ಉಪಕೇಂದ್ರದಲ್ಲಿ ಹೊಸದು ಕೇಳಿ.

ಹೊಸನಗರ ಕಡೆಯ ತಾಯಿ:
ಮರುದಿನ ಬರೆಯುತ್ತಿದ್ದೇನೆ. ರಾತ್ರಿ ಎರಡು ಸಲ ಬಟ್ಟೆ ಒದ್ದೆ ಮಾಡಿದ. ಬೆಳಗಿನಿಂದ ಮೂರು ಭೇದಿ, ಇನ್ನೂ ನೀರಾಗಿಯೇ ಇದೆ, ಆದರೆ ಗಂಜಿ ಕೇಳಿ ತಿಂದ. ಜಿಂಕ್ ಎದೆಹಾಲಿನಲ್ಲಿ ಒಳಗೆ ಹೋಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ಚೌಕಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ಇಂದಿನದನ್ನು ತುಂಬಿದೆ. ಒಂದು ಕೇಳಲೇಬೇಕು: ನಮಗೆ ಬರುವುದು ಗುಡ್ಡದ ಅಬ್ಬಿ ನೀರು, ಈ ಮಳೆಗೆ ಕೆಂಪಾಗಿದೆ. ಕುದಿಸಿದರೂ ತಳದಲ್ಲಿ ಮಣ್ಣು ನಿಲ್ಲುತ್ತದೆ. ಸುತ್ತಮುತ್ತಲಿನವರು ಏನು ಮಾಡುತ್ತೀರಿ?

ಆಗುಂಬೆ ಕಡೆಯ ಇನ್ನೊಬ್ಬ ತಾಯಿ:
ನಾವು ಕೊಡಪಾನದಲ್ಲಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸುತ್ತೇವೆ. ಕೊತಕೊತ ಕುದಿ ಬಂದ ಮೇಲೂ ಸ್ವಲ್ಪ ಹೊತ್ತು ಒಲೆಯ ಮೇಲೆ ಬಿಡಿ. ನಮ್ಮ ಪಕ್ಕದ ಮನೆಯವರು ಬಾವಿ ನೀರು ತರುತ್ತಾರೆ, ಆದರೆ ಆ ಬಾವಿಯ ಹತ್ತಿರವೇ ಕೊಟ್ಟಿಗೆ ಇದೆ. ಯಾವುದು ಮೇಲು ಎಂದು ನನಗೂ ಧೈರ್ಯವಾಗಿ ಹೇಳಲಾಗುವುದಿಲ್ಲ.